ಹೆಸರು ಕೇಳದೆ ಆನಿವರ್ಸರಿ ಕಾರ್ಡ್ ಬರೀಬೇಡಿ

ಫ್ರಂಟ್ ಆಫೀಸ್ ಡೈರಿ · ಭಾಗ 1/5

ಫೋಟೋದಲ್ಲಿರೋ ಕಾರ್ಡ್ ನಾನೇ ಬರೆದದ್ದು. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದ್ದೀನಿ. ಅಕ್ಷರ ಚೆನ್ನಾಗಿದೆ ಅಲ್ವಾ? ಆದ್ರೂ ನನ್ನ ಟ್ರೈನಿಂಗ್‌ನಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಇದೇ.

ಮೈಸೂರಿನ ಒಂದು ಹೋಟೆಲ್. ಶನಿವಾರ, ಮಳೆಗಾಲ. ಅವತ್ತಿನ ಅರೈವಲ್ ಲಿಸ್ಟ್‌ನಲ್ಲಿ ಒಂದು ರೂಮಿನ ಮುಂದೆ ‘ಆನಿವರ್ಸರಿ, ಸರ್ಪ್ರೈಸ್’ ಅಂತ ಎರಡೇ ಪದ ಇತ್ತು. ಬುಕಿಂಗ್ ಟ್ರಾವೆಲ್ ಸೈಟ್‌ನಿಂದ ಬಂದಿತ್ತು. ಇಬ್ಬರು ದೊಡ್ಡವರು, ಎರಡು ರಾತ್ರಿ. ನಾನು ಲಿಸ್ಟ್‌ನಲ್ಲಿದ್ದ ಹೆಸರು ನೋಡ್ಕೊಂಡು ‘ಡಿಯರ್ ಮಿಸ್ಟರ್ ಆ್ಯಂಡ್ ಮಿಸೆಸ್’ ಅಂತ ಶುರು ಮಾಡಿ, ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆದು, ಕೇಕ್ ಪಕ್ಕ ಇಟ್ಟು ಬಂದೆ. ಅವತ್ತು ಬರೆದ ಒಂಬತ್ತು ಕಾರ್ಡ್‌ಗಳಲ್ಲಿ ಇದು ಆರನೇದು. ಒಂಬತ್ತರಲ್ಲೂ ಅದೇ ನಾಲ್ಕು ಸಾಲು.

ಮೂರು ಗಂಟೆಗೆ ಅರವತ್ತು ದಾಟಿದ ಒಬ್ಬರು ಆ ಕಾರ್ಡ್ ಹಿಡ್ಕೊಂಡು ರಿಸೆಪ್ಷನ್‌ಗೆ ಬಂದ್ರು. ಹಿಂದೆ ಅವರ ಮನೆಯವರು.

“ಏನಮ್ಮಾ, ಇದು ನನ್ನ ಮಗನ ಹೆಸರು. ಅವನಿಗಿನ್ನೂ ಮದುವೆನೇ ಆಗಿಲ್ಲ.”

ಅವರು ನಗ್ತಾನೇ ಹೇಳಿದ್ರು. ಆದ್ರೆ ಹಿಂದೆ ನಿಂತಿದ್ದ ಅಮ್ಮ ನಗಲಿಲ್ಲ. “ಬೇರೆಯವರ ರೂಮಿಗೆ ಬಂದ್ವೇನೋ ಅಂತ ನಾನು ಬ್ಯಾಗ್ ಕೂಡ ತೆಗೀಲಿಲ್ಲ” ಅಂದ್ರು.

ಆ ಮಾತು ಇನ್ನೂ ನನ್ನ ತಲೇಲಿದೆ. ಸ್ವಾಗತ ಮಾಡೋಕೆ ಅಂತ ಇಟ್ಟ ಕಾರ್ಡ್ ನೋಡಿ ಅವರು ಇಪ್ಪತ್ತು ನಿಮಿಷ ಮಂಚದ ತುದೀಲಿ ಕೂತಿದ್ರು.

ಭಾಗ 2/5 · ತಪ್ಪು ಎಲ್ಲಿ ಆಯ್ತು?

ಬುಕ್ ಮಾಡಿದವರು ಬೇರೆ, ಬಂದು ಮಲಗೋರು ಬೇರೆ. ಇದು ನಮ್ಮ ಕ್ಲಾಸ್‌ನಲ್ಲಿ ಯಾರೂ ಒತ್ತಿ ಹೇಳಲ್ಲ. ಮಗ ಪುಣೆಯಲ್ಲಿ ಕೂತು ಮೊಬೈಲ್‌ನಲ್ಲಿ ಬುಕ್ ಮಾಡ್ತಾನೆ, ತನ್ನದೇ ಹೆಸರು, ತನ್ನದೇ ನಂಬರ್ ಹಾಕ್ತಾನೆ. ಆ ಹೆಸರೇ ನಮ್ಮ ಸಿಸ್ಟಮ್‌ಗೆ ಗೆಸ್ಟ್ ಹೆಸರಾಗಿ ಬರುತ್ತೆ. ಚೆಕ್-ಇನ್ ಹೊತ್ತಲ್ಲಿ ಐಡಿ ನೋಡಿದಾಗಲೇ ನಿಜವಾದ ಹೆಸರು ಸಿಗೋದು. ಕಾರ್ಡ್ ಮಾತ್ರ ಅದಕ್ಕಿಂತ ಮೊದಲೇ ರೂಮಿನಲ್ಲಿರಬೇಕು. ತಪ್ಪು ನುಸುಳೋದು ಈ ಸಂದಿಯಲ್ಲೇ.

ಇದಕ್ಕೆ ಮದ್ದು ಒಂದೇ ಒಂದು ಫೋನ್. ಬರೋ ಹಿಂದಿನ ದಿನ ಸಂಜೆ, ಬುಕ್ ಮಾಡಿದವರಿಗೆ. ಗೆಸ್ಟ್‌ಗೆ ಅಲ್ಲ, ಬುಕ್ ಮಾಡಿದವರಿಗೆ. ಯಾಕಂದ್ರೆ ‘ಸರ್ಪ್ರೈಸ್’ ಅಂತ ಬರೆದಿದ್ರೆ, ಗೆಸ್ಟ್‌ಗೆ ಮಾಡಿದ ಫೋನ್‌ನಲ್ಲೇ ಸರ್ಪ್ರೈಸ್ ಮುಗಿದುಹೋಗುತ್ತೆ.

ನಾನೀಗ ಕೇಳೋದು ಮೂರೇ ಪ್ರಶ್ನೆ:

“ಸರ್, ರೂಮಿಗೆ ಯಾರು ಬರ್ತಿದ್ದಾರೆ? ಅವರನ್ನ ಯಾವ ಹೆಸರಿನಿಂದ ಕರೆದ್ರೆ ಅವರಿಗೆ ಇಷ್ಟ?”

“ಮದುವೆಯಾದ ದಿನ ಬರೋ ದಿನವೇನಾ, ಮಾರನೇ ದಿನವಾ?”

“ಅವರಿಗೆ ವಿಷಯ ಗೊತ್ತಾ, ಇಲ್ಲ ನಾವು ಸುಮ್ಮನಿರಬೇಕಾ?”

ಎರಡನೇದನ್ನ ಬಿಡಬೇಡಿ. ಎರಡು ರಾತ್ರಿಗೆ ಬರೋರ ಆನಿವರ್ಸರಿ ಎರಡನೇ ದಿನಕ್ಕೂ ಬಿದ್ದಿರಬಹುದು. ಮೊದಲ ದಿನವೇ ‘ಇಂದು ನಿಮ್ಮ ದಿನ’ ಅಂತ ಬರೆದ್ರೆ, ನಮಗೆ ದಿನಾಂಕಾನೇ ಗೊತ್ತಿಲ್ಲ ಅಂತ ನಾವೇ ಬರೆದುಕೊಟ್ಟ ಹಾಗೆ.

ಮೂರನೇದಕ್ಕೆ ‘ಗೊತ್ತಿಲ್ಲ’ ಅಂತ ಉತ್ತರ ಬಂದ್ರೆ ಡೆಸ್ಕ್‌ನಲ್ಲಿ ಎಲ್ಲರಿಗೂ ಹೇಳಿಡಿ. ರೂಮಲ್ಲಿ ಕಾರ್ಡ್ ಗುಟ್ಟಾಗಿ ಕಾಯ್ತಿರುತ್ತೆ, ಕೆಳಗೆ ಕೀ ಕೊಡೋರು ‘ಹ್ಯಾಪಿ ಆನಿವರ್ಸರಿ ಸರ್’ ಅಂದುಬಿಟ್ಟಿರ್ತಾರೆ.

ಫೋನ್ ಎತ್ತಲಿಲ್ಲ ಅಂದ್ರೆ? ಹೆಸರಿಲ್ಲದೆ, ‘ನಿಮ್ಮಿಬ್ಬರಿಗೂ ಸ್ವಾಗತ’ ಅಂತಷ್ಟೇ ಬರೀರಿ. ಊಹಿಸಿ ಹೆಸರು ಬರೆಯೋದಕ್ಕಿಂತ ಅದು ಎಷ್ಟೋ ವಾಸಿ.

ಭಾಗ 3/5 · ಏನು ಬರೀಬೇಕು, ಏನು ಬರೀಬಾರದು

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕೈಬರಹದ ಬೆಲೆ ಅಕ್ಷರದಲ್ಲಿಲ್ಲ. ‘ನಮ್ಮ ಬಗ್ಗೆ ಒಬ್ಬರು ಐದು ನಿಮಿಷ ಯೋಚಿಸಿದ್ದಾರೆ’ ಅನ್ನೋದಕ್ಕೆ ಅದು ಸಾಕ್ಷಿ, ಅಷ್ಟೆ. ಯೋಚಿಸದೆ ಒಂಬತ್ತು ಕಾರ್ಡ್‌ಗೆ ಒಂದೇ ಸಾಲು ಇಳಿಸಿದ್ರೆ ಅದು ಸುಳ್ಳು ಸಾಕ್ಷಿ. ಅದಕ್ಕಿಂತ ಪ್ರಿಂಟ್ ಮಾಡಿದ ಕಾರ್ಡೇ ಪ್ರಾಮಾಣಿಕ. ಅದು ಎಲ್ಲರಿಗೂ ಕೊಡೋದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ಯಾರಿಗೂ ಮೋಸ ಇಲ್ಲ.

ಹಾಗಾಗಿ ನಾಲ್ಕೇ ಸಾಲು ಸಾಕು. ಒಂದು, ಹೆಸರು. ಎರಡು, ಅವರೇ ಅಥವಾ ಅವರ ಮನೆಯವರೇ ಹೇಳಿದ ಒಂದು ಸಂಗತಿ. ಮೂರು, ಅವರ ಉಪಯೋಗಕ್ಕೆ ಬರೋ ಒಂದು ಮಾತು. ನಾಲ್ಕು, ನಿಮ್ಮ ಹೆಸರು ಮತ್ತು ನಿಮ್ಮನ್ನ ಹಿಡಿಯೋ ಎಕ್ಸ್‌ಟೆನ್ಷನ್ ನಂಬರ್. ‘ಟೀಮ್ ಪರವಾಗಿ’ ಅಂತ ಸಹಿ ಹಾಕಬೇಡಿ. ಟೀಮ್ ಪೆನ್ ಹಿಡಿಯಲ್ಲ.

ಬರೀಬಾರದ್ದೂ ಇದೆ. ಎಷ್ಟನೇ ವರ್ಷ ಅಂತ ಅವರು ಹೇಳದೆ ಬರೀಬೇಡಿ. ‘ಮಿಸ್ಟರ್ ಆ್ಯಂಡ್ ಮಿಸೆಸ್’ ಬೇಡ. ನಮ್ಮಲ್ಲಿ ಎಷ್ಟೋ ಜನರ ಹೆಸರಿನ ಮುಂದಿರೋದು ಊರಿನ, ಅಪ್ಪನ ಇನಿಷಿಯಲ್. ಗಂಡನ ಇನಿಷಿಯಲ್‌ಗೆ ಹೆಂಡತೀನ ಸೇರಿಸಿದ್ರೆ ಅದು ಯಾರ ಹೆಸರೂ ಆಗಲ್ಲ. ಇಬ್ಬರ ಹೆಸರನ್ನೂ ಬೇರೆ ಬೇರೆ ಬರೀರಿ. ಮಕ್ಕಳು, ಮೊಮ್ಮಕ್ಕಳು ಅಂತ ಹಾರೈಸೋಕೆ ಹೋಗಬೇಡಿ. ಆ ಮಾತು ಯಾರಿಗೆ ಎಲ್ಲಿ ಚುಚ್ಚುತ್ತೋ ನಮಗೆ ಗೊತ್ತಿರಲ್ಲ.

ಇನ್ನೊಂದು ಗಡಿ. ಕೆಲವು ಸೀನಿಯರ್‌ಗಳು ಗೆಸ್ಟ್‌ನ ಪ್ರೊಫೈಲ್ ಹುಡುಕಿ, ಮದುವೆ ಫೋಟೋ ಇಳಿಸಿ, ಫ್ರೇಮ್ ಹಾಕಿ ಮಂಚದ ಪಕ್ಕ ಇಡ್ತಾರೆ. ಮನೆಯವರೇ ಕಳಿಸಿದ ಫೋಟೋ ಆದ್ರೆ ಖುಷಿ. ನಾವೇ ಹುಡುಕಿದ್ದಾದ್ರೆ, ಬಾಗಿಲು ಹಾಕ್ಕೊಂಡು ಮಲಗೋ ಕೋಣೆಯಲ್ಲಿ ‘ನಿಮ್ಮನ್ನ ನೋಡ್ತಿದ್ದೀವಿ’ ಅಂದ ಹಾಗೆ. ಕೊಟ್ಟಿದ್ದನ್ನ ಮಾತ್ರ ಬಳಸಿ.

ಭಾಗ 4/5 · ಕಾರ್ಡ್ ರೂಮು ಸೇರೋ ದಾರಿ

ಸರಿಯಾಗಿ ಬರೆದ ಕಾರ್ಡ್ ಕೂಡ ತಪ್ಪು ರೂಮಿಗೆ ಹೋಗುತ್ತೆ. ಬೆಳಿಗ್ಗೆ ಒಂದು ರೂಮ್ ಬ್ಲಾಕ್ ಆಗಿರುತ್ತೆ, ಮಧ್ಯಾಹ್ನ ಅಲ್ಲಿ ಏಸಿ ಕೈಕೊಡುತ್ತೆ, ಅಥವಾ ಹಳೇ ಗೆಸ್ಟ್ ಲೇಟ್ ಚೆಕ್-ಔಟ್ ಕೇಳ್ತಾರೆ. ಡೆಸ್ಕ್‌ನವರು ಸಿಸ್ಟಮ್‌ನಲ್ಲಿ ರೂಮ್ ಬದಲಿಸ್ತಾರೆ. ಕೇಕು, ಕಾರ್ಡು ಹಳೇ ರೂಮಲ್ಲೇ ಕೂತಿರುತ್ತೆ. ಆ ರೂಮಿಗೆ ಕೆಲಸದ ಮೇಲೆ ಒಬ್ಬರೇ ಬಂದಿರೋ ಗೆಸ್ಟ್ ಹೋಗ್ತಾರೆ. ಬಾಗಿಲು ತೆಗೆದ್ರೆ ಬೇರೆ ಜೋಡಿಯ ಹೆಸರು, ಎರಡು ಫೋರ್ಕು.

ಇದನ್ನ ತಡೆಯೋಕೆ ಒಂದು ಸಣ್ಣ ಅಭ್ಯಾಸ ಇದೆ. ರೂಮ್ ನಂಬರನ್ನ ಕಾರ್ಡ್ ಮೇಲೆ ಬರೀಬೇಡಿ, ಕವರ್ ಮೂಲೇಲಿ ಪೆನ್ಸಿಲ್‌ನಲ್ಲಿ ಬರೀರಿ. ಬದಲಾದ್ರೆ ಅಳಿಸಬಹುದು. ಕಾರ್ಡನ್ನ ಬೆಳಿಗ್ಗೆಯೇ ಇಡಬೇಡಿ. ಹೌಸ್‌ಕೀಪಿಂಗ್ ಸೂಪರ್‌ವೈಸರ್ ರೂಮ್ ನೋಡಿ ಓಕೆ ಅಂದ ಮೇಲೆ, ಚೆಕ್-ಇನ್‌ಗೆ ಸ್ವಲ್ಪ ಮುಂಚೆ, ಲಿಸ್ಟ್ ಇನ್ನೊಂದು ಸಲ ನೋಡಿ ಇಡಿ. ರೂಮ್ ಬದಲಿಸೋ ಮುಂಚೆ ನಿಮಗೊಂದು ಮಾತು ಹೇಳಬೇಕು ಅಂತ ಡೆಸ್ಕ್‌ನವರ ಹತ್ರ ಮೊದಲೇ ಹೇಳಿಟ್ಟಿರಿ.

ಪೆನ್ ವಿಷಯ. ನುಣುಪಾದ ಹೊಳೆಯೋ ಕಾರ್ಡ್ ಮೇಲೆ ಜೆಲ್ ಪೆನ್ ಬೇಗ ಒಣಗಲ್ಲ. ಕವರ್‌ಗೆ ಹಾಕಿದ ತಕ್ಷಣ ಮಸಿ ಎಳೆದುಕೊಳ್ಳುತ್ತೆ. ಹೊಳಪಿಲ್ಲದ ದಪ್ಪ ಕಾಗದ, ಬಾಲ್ ಪೆನ್, ಇಷ್ಟು ಸಾಕು. ಫ್ರಿಜ್‌ನಿಂದ ತಂದ ಕೇಕಿನ ತಟ್ಟೆ ಬೆವರುತ್ತೆ, ಒದ್ದೆ ಗುಲಾಬಿ ಎಸಳು ಬಣ್ಣ ಬಿಡುತ್ತೆ. ಅದಕ್ಕೇ ಕಾರ್ಡನ್ನ ತಟ್ಟೆ ಪಕ್ಕ ಅಲ್ಲ, ಬರೆಯೋ ಮೇಜಿನ ಮೇಲೆ ನಿಲ್ಲಿಸಿ.

ಭಾಷೆ ವಿಷಯ. ಬುಕ್ ಮಾಡಿದವರನ್ನ ಕೇಳಿ: “ಕನ್ನಡದಲ್ಲಿ ಬರೀಲಾ?” ಮೈಸೂರಿನಲ್ಲಿ ಕೂತು, ಕನ್ನಡದಲ್ಲೇ ಫೋನ್ ಮಾತಾಡಿ, ಕಾರ್ಡ್ ಮಾತ್ರ ಇಂಗ್ಲಿಷ್‌ನಲ್ಲಿ ಬರೆಯೋ ಚಾಳಿ ನನಗೂ ಇತ್ತು.

ಭಾಗ 5/5 · ಎರಡನೇ ಕಾರ್ಡ್

ಆ ಶನಿವಾರಕ್ಕೆ ವಾಪಸ್ ಬರೋಣ. ನಾನು ಸಾರಿ ಹೇಳಿದೆ. ಸಬೂಬು ಹೇಳಲಿಲ್ಲ. “ಸರ್, ಕೇಳದೆ ಬರೆದೆ, ನನ್ನ ತಪ್ಪು. ನಿಮ್ಮಿಬ್ಬರ ಹೆಸರು ಹೇಳ್ತೀರಾ?” ಅಂದೆ. ಹೇಳಿದ್ರು. ಮೈಸೂರಿಗೆ ಮೊದಲು ಬಂದಿದ್ರಾ ಅಂತ ಕೇಳಿದೆ.

ಈಗ ಅಮ್ಮ ಮಾತಾಡಿದ್ರು. “ಮದುವೆಯಾದ ಹೊಸದ್ರಲ್ಲಿ ಬಂದಿದ್ವಿ. ಇವರ ಚಿಕ್ಕಮ್ಮನ ಮನೇಲಿ ಇಳ್ಕೊಂಡಿದ್ವಿ, ಹನ್ನೆರಡು ಜನ. ಅರಮನೆ ದೀಪ ನೋಡೋಣ ಅಂತ ಹೊರಟ್ವಿ, ಮಳೆ ಹಿಡ್ಕೊಂತು. ನೋಡ್ಲೇ ಇಲ್ಲ.”

ಅವರು ಊಟಕ್ಕೆ ಹೋದಾಗ ಹೊಸ ಕಾರ್ಡ್ ಇಟ್ಟೆ. ಮೇಲೆ ಇಬ್ಬರ ಹೆಸರು, ಕೆಳಗೆ ಇಷ್ಟು:

“ಮೊದಲ ಕಾರ್ಡಿನ ತಪ್ಪಿಗೆ ಕ್ಷಮಿಸಿ. ನಾಳೆ ಭಾನುವಾರ, ಸಂಜೆ ಏಳರ ಸುಮಾರಿಗೆ ಅರಮನೆ ದೀಪ ಹಚ್ತಾರೆ. ಆರೂವರೆಗೆ ಗೇಟಿನ ಹತ್ರ ಆಟೋ ಬರುತ್ತೆ. ಮಳೆ ಬಂದ್ರೆ ಅಂತ ರಿಸೆಪ್ಷನ್‌ನಲ್ಲಿ ದೊಡ್ಡ ಕೊಡೆ ಇಟ್ಟಿದ್ದೀನಿ.”

ಕೊನೆಗೆ ನನ್ನ ಹೆಸರು, ನಂಬರ್. ಇಷ್ಟು ಬರೆಯೋಕೆ ಆರು ನಿಮಿಷ ಹಿಡೀತು. ಹಾರೈಕೆ ಒಂದೂ ಇಲ್ಲ. ಬೇಕು ಅಂತ ಅನಿಸಲೂ ಇಲ್ಲ.

‘ನಮ್ಮಲ್ಲಿ ದಿನಕ್ಕೆ ಹತ್ತು ಆನಿವರ್ಸರಿ ಇರುತ್ತೆ, ಹೀಗೆ ಬರೀತಾ ಕೂತ್ರೆ ಶಿಫ್ಟ್ ಮುಗಿಯುತ್ತಾ?’ ಅಂತ ನೀವು ಕೇಳ್ತೀರ. ನ್ಯಾಯವಾದ ಪ್ರಶ್ನೆ. ಸೀಸನ್‌ನಲ್ಲಿ ಟ್ರೈನಿಗಳ ತಲೆ ಮೇಲೇ ಈ ಕಟ್ಟು ಬೀಳೋದು, ನನಗೂ ಗೊತ್ತು. ನನ್ನ ಉತ್ತರ: ಯಾರ ಮನೆಯವರ ಹತ್ರ ಮಾತಾಡೋಕೆ ಆಯ್ತೋ ಅವರಿಗೆ ಕೈಬರಹ, ಉಳಿದವರಿಗೆ ಪ್ರಿಂಟ್. ಮ್ಯಾನೇಜರ್ ಎಲ್ಲದಕ್ಕೂ ಕೈಬರಹವೇ ಬೇಕು ಅಂದ್ರೆ, ಫೋನ್ ಮಾಡೋಕೂ ಟೈಮ್ ಕೊಡಿ ಅಂತ ಕೇಳಿ. ಕೇಳೋಕೆ ಹೆದರಬೇಡಿ. ಬರೆಯೋದು ಕೆಲಸ ಆದ್ರೆ ವಿಚಾರಿಸೋದೂ ಕೆಲಸವೇ.

ಸೋಮವಾರ ಚೆಕ್-ಔಟ್ ಆದ ಮೇಲೆ ರೂಮ್ ನೋಡೋಕೆ ಹೋದೆ. ಕೇಕ್ ಅರ್ಧ ಉಳಿದಿತ್ತು. ಎರಡನೇ ಕಾರ್ಡ್ ಎಲ್ಲೂ ಇರಲಿಲ್ಲ. ಕಸದ ಬುಟ್ಟೀಲೂ ಇರಲಿಲ್ಲ. ಕೊಡೆ ಮಾತ್ರ ಬಾತ್‌ರೂಮ್ ಬಾಗಿಲ ಹಿಂದೆ ಬಿಚ್ಚಿ ಒಣಗೋಕೆ ಇಟ್ಟಿದ್ರು. ಇನ್ನೂ ಸ್ವಲ್ಪ ಒದ್ದೆ ಇತ್ತು.

ನೀವು ಬರೆದು ಎಡವಟ್ಟಾದ ಕಾರ್ಡ್ ಯಾವುದು? ಹೋಟೆಲ್ ಹೆಸರು ಬೇಡ, ಗೆಸ್ಟ್ ಹೆಸರು ಬೇಡ, ಏನಾಯ್ತು ಅಂತಷ್ಟೇ ಕಾಮೆಂಟ್‌ನಲ್ಲಿ ಬರೀರಿ. ನಾಳೆ ಶಿಫ್ಟ್‌ಗೆ ಹೋಗೋ ಫ್ರೆಂಡ್‌ಗೆ ಭಾಗ 2 ಕಳಿಸಿ.

#ಫ್ರಂಟ್‌ಆಫೀಸ್‌ಡೈರಿ #ಹೋಟೆಲ್‌ಟ್ರೈನಿ #ಮೈಸೂರು