ಅಹಿಂಸೆ ಬಗ್ಗೆ ಚರ್ಚೆನಾ? ಹಿಟ್ಟಿನ ಕೋಳಿ ತಗೊಳ್ಳಿ

ಅಕ್ಟೋಬರ್ 2 ಬಂತಂದ್ರೆ ಶಾಲೆಯಲ್ಲಿ ಅದೇ ಚರ್ಚಾಸ್ಪರ್ಧೆ: ‘ಅಹಿಂಸೆ ಶ್ರೇಷ್ಠವೇ?’ ಪರವಾಗಿ ನಿಂತೋರು ಮೊದ್ಲೇ ಗೆದ್ದಿರ್ತಾರೆ, ವಿರೋಧಕ್ಕೆ ನಿಂತ ಹುಡುಗ ರಾಕ್ಷಸನ ಪಾತ್ರ ಮಾಡಿ ಇಳಿದು ಬರ್ತಾನೆ. ಇದು ಚರ್ಚೆ ಅಲ್ಲ, ಭಜನೆ.

ಚರ್ಚೆಗೆ ಬೇಕಾದ್ದು ಎರಡೂ ಕಡೆಯೋರು ತಲೆ ಕೆರ್ಕೊಳ್ಳೋ ಪ್ರಶ್ನೆ. ಅಂಥದ್ದು ನಮ್ಮ ಕನ್ನಡದಾಗೇ ಐತೆ. 13ನೇ ಶತಮಾನದ ಜೈನ ಕವಿ ಜನ್ನನ ‘ಯಶೋಧರ ಚರಿತೆ’ ನೋಡಿ. ಪ್ರಾಣಿ ಬಲಿ ಕೊಡು ಅಂತ ತಾಯಿ ಹಟ ಹಿಡೀತಾಳೆ, ರಾಜ ಒಲ್ಲೆ ಅಂತಾನೆ. ಕೊನೆಗೆ ರಾಜಿಯಾಗಿ ಹಿಟ್ಟಿನ ಕೋಳಿ ಮಾಡಿ ಕಡೀತಾರೆ. ಆ ಪಾಪಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯ್ತಾರೆ. ಕಡಿದದ್ದು ಹಿಟ್ಟು, ಆದ್ರೆ ಕೊಲ್ಲೋ ಸಂಕಲ್ಪ ನಿಜವಾದ್ದು. ಹಂಗಾರೆ ಜಾತ್ರೇಲಿ ಕುರಿ ಬದಲು ಬೂದುಗುಂಬಳಕಾಯಿ ಒಡೆಯೋದು ಸುಧಾರಣೆಯೋ, ಅದೇ ಸಂಕಲ್ಪವೋ? ಇದನ್ನ ಕೊಡಿ ಮಕ್ಕಳಿಗೆ.

ಎರಡನೇದು ಗಾಂಧಿ ಕರು. 1928ರಾಗೆ ಸಾಬರಮತಿ ಆಶ್ರಮದಾಗೆ ಒಂದು ಕರು ವಾಸಿಯಾಗದೆ ನರಳ್ತಿತ್ತು. ಗಾಂಧಿ ವೈದ್ಯರಿಂದ ಇಂಜೆಕ್ಷನ್ ಕೊಡಿಸಿ ಅದನ್ನ ಸಾಯಿಸಿದ್ರು, ಅದು ಅಹಿಂಸೆಯೇ ಅಂದ್ರು. ಜನ ಸಿಟ್ಟಾದ್ರು. ಅದೇ ಹೊತ್ತಿಗೆ ಬೆಳೆ ತಿನ್ನೋ ಮಂಗಗಳ ಮಾತೂ ಬಂತು. ಅವನ್ನ ಕೊಂದ್ರೆ ಅದು ಹಿಂಸೆಯೇ ಅಂದ್ರು ಗಾಂಧಿ, ಯಾಕಂದ್ರೆ ಕರು ಸತ್ತದ್ದು ಕರುವಿನ ಸಲುವಾಗಿ, ಮಂಗ ಸಾಯೋದು ನಮ್ಮ ಸಲುವಾಗಿ. ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆಯೋ ಮನೆ ಹುಡುಗ ಇದನ್ನ ಸುಮ್ನೆ ಒಪ್ತಾನಾ? ‘ನಮ್ಮಪ್ಪ ಗದ್ದೆಗೆ ಇಲಿ ಪಾಷಾಣ ಇಡ್ತಾರಲ್ಲ ಸರ್’ ಅಂತ ಏಳ್ತಾನೆ. ಏಳ್ಲಿ.

ಆಗ ಮೇಷ್ಟ್ರು ತೀರ್ಪು ಕೊಡಬಾರದು, ಅಳತೆಗೋಲು ಕೊಡಬೇಕು. ಜೈನರು ಹಿಂಸೆನ ನಾಲ್ಕಾಗಿ ವಿಂಗಡಿಸ್ತಾರೆ: ಬೇಕಂತಲೇ ಮಾಡೋದು, ಅಡುಗೆ-ಮನೆಗೆಲಸದಾಗೆ ಆಗೋದು, ಬೇಸಾಯದಂಥ ಕಸುಬಲ್ಲಿ ಆಗೋದು, ಮೈಮೇಲೆ ಬಂದವರನ್ನ ತಡೆಯುವಾಗ ಆಗೋದು. ಸಂಸಾರಸ್ಥರು ಪೂರಾ ಬಿಡಲೇಬೇಕಾದ್ದು ಮೊದಲನೇದು. ಉಳಿದವನ್ನ ಆದಷ್ಟು ಕಮ್ಮಿ ಮಾಡ್ಬೇಕು. ಪಾಷಾಣ ಯಾವ ಸಾಲಿಗೆ ಸೇರ್ತೈತೆ? ಇಲಿ ಬರದಂಗೆ ಬದು ಸಣ್ಣದಾಗಿ, ಚೊಕ್ಕಟವಾಗಿ ಇಟ್ಟಿದ್ರಾ? ಅದನ್ನೂ ಮಾಡದೆ ಪಾಷಾಣಕ್ಕೆ ಕೈ ಹಾಕಿದ್ರೆ ‘ಕಸುಬು’ ಅನ್ನೋ ನೆಪ ನಿಲ್ತೈತಾ? ಇಲ್ಲಿ ಜೈನರ ಲೆಕ್ಕ ಗಾಂಧಿ ಲೆಕ್ಕಕ್ಕಿಂತ ರೈತನಿಗೆ ಸಡಿಲ. ಯಾವುದು ಸರಿ ಅನ್ನೋದೇ ಚರ್ಚೆ.

ನಾಲ್ಕನೇದನ್ನ ಬಿಡಲೇಬ್ಯಾಡಿ. ಹೊಡೆಸಿಕೊಳ್ಳೋ ಹುಡುಗೀಗೆ ‘ತಾಳ್ಕೋ’ ಅನ್ನೋದನ್ನ ಅಹಿಂಸೆ ಅಂತ ಕಲಿಸಿದ್ರೆ, ನಾವು ಹೊಡೆಯೋನ ಕಡೆ ನಿಂತಂಗೆ. ಹೇಡಿತನ, ಹಿಂಸೆ ಎರಡೇ ದಾರಿ ಇದ್ರೆ ಹಿಂಸೆಯೇ ವಾಸಿ ಅಂತ 1920ರಾಗೆ ಗಾಂಧಿಯೇ ಬರೆದಿದ್ರು.

ಒಂದು ಎಚ್ಚರ. ಚರ್ಚೆ ‘ಯಾರ ಮನೇಲಿ ಏನು ತಿಂತಾರೆ’ ಅನ್ನೋ ಕಡೆ ಜಾರ್ತೈತೆ. ಕ್ಲಾಸೆಲ್ಲ ಒಬ್ಬ ಹುಡುಗನ ಮಕ ತಿರುಗಿ ನೋಡ್ತು ಅಂದ್ರೆ ಅದು ಜಾರಿತು ಅಂತಲೇ ಅರ್ಥ. ಆ ಕ್ಷಣಕ್ಕೆ ನಿಲ್ಲಿಸಿ ಹಿಟ್ಟಿನ ಕೋಳಿಗೆ ವಾಪಸ್ ಬನ್ನಿ. ಹಿಟ್ಟಿನ ಕೋಳಿ ಯಾರ ತಟ್ಟೇದೂ ಅಲ್ಲ.