ಮೊದಲ ಸಾಲಿನಲ್ಲಿ ಅಂಗಡಿಯ ಹೆಸರೇಕೆ?

ಗಿರಾಕಿಯ ಕೈಯಲ್ಲಿರುವ ಫೋನಿನಲ್ಲಿ ರೀಲ್ಸ್ ಮತ್ತು ಶಾರ್ಟ್ಸ್ ಎಂಬ ಉದ್ದುದ್ದ ನಿಂತ ಕಿರುಚಿತ್ರಗಳು ಒಂದರ ಹಿಂದೊಂದು ಓಡುತ್ತವೆ. 2020ರ ಜೂನ್ ಕೊನೆಯಲ್ಲಿ ಭಾರತ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿದ ಬಳಿಕ ಅದೇ ವರ್ಷ ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್ ಈ ಜಾಗವನ್ನು ಹಿಡಿದವು. ಜಿಲ್ಲೆಯ ಸಣ್ಣ ಉತ್ಪಾದಕರಲ್ಲಿ ಅನೇಕರು ಈಗ ತಮ್ಮ ಸರಕನ್ನು ಚಿತ್ರೀಕರಿಸಿ ಹಾಕುತ್ತಿದ್ದಾರೆ. ಚಿತ್ರಕ್ಕೆ ಪಡುವ ಶ್ರಮದ ಹತ್ತನೇ ಒಂದು ಪಾಲನ್ನೂ ಅದರ ಕೆಳಗಿನ ಬರಹಕ್ಕೆ ಪಡುತ್ತಿಲ್ಲ ಎಂಬುದೇ ಇಲ್ಲಿನ ಆಕ್ಷೇಪ.

ಈ ಬರಹಕ್ಕೆ ಕ್ಯಾಪ್ಷನ್ ಎನ್ನುತ್ತಾರೆ. ಇನ್‌ಸ್ಟಾಗ್ರಾಂ 2,200 ಅಕ್ಷರಗಳಷ್ಟು ಬರೆಯಲು ಅವಕಾಶ ಕೊಟ್ಟಿದೆಯಾದರೂ ಓಡುವ ಚಿತ್ರದ ಮೇಲೆ ಕಾಣಿಸುವುದು ಸುಮಾರಾಗಿ ಒಂದೇ ಸಾಲು. ಉಳಿದದ್ದನ್ನು ಓದಬೇಕಾದರೆ ಗಿರಾಕಿಯು ಬೆರಳಿನಿಂದ ಒತ್ತಬೇಕು. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಈ ಕೆಲಸವನ್ನು 100 ಅಕ್ಷರಗಳ ಮಿತಿಯುಳ್ಳ ಶೀರ್ಷಿಕೆಯು ಮಾಡುತ್ತದೆ. ಆದ್ದರಿಂದ ಮೊದಲ ಸಾಲಿಗೆ ಎರಡು ಹೊಣೆಗಳಿವೆ. ಚಿತ್ರವನ್ನು ಕಂಡು ಅರೆಕ್ಷಣ ತಡೆದವನನ್ನು ಮುಂದೆ ನೋಡುವಂತೆ ಮಾಡುವುದು ಒಂದು; ಆ ಸರಕನ್ನೇ ಹುಡುಕಿಕೊಂಡು ಬರುವವನಿಗೆ ಸಿಗುವಂತೆ ಮಾಡುವುದು ಇನ್ನೊಂದು.

ಕರಿಕೆಯ ಒಬ್ಬ ಉತ್ಪಾದಕರು ಕಾಚಂಪುಳಿಯನ್ನು ತಯಾರಿಸಿ ಸೀಸೆಗಳಲ್ಲಿ ಮಾರುತ್ತಾರೆಂದು ಉದಾಹರಣೆಗಾಗಿ ಭಾವಿಸೋಣ. ಉಪ್ಪಾಗೆಯ ಮಾಗಿದ ಹಣ್ಣುಗಳನ್ನು ರಾಶಿ ಹಾಕಿ, ಅವುಗಳಿಂದ ತೊಟ್ಟಿಕ್ಕುವ ರಸವನ್ನು ಸಂಗ್ರಹಿಸಿ, ಅದು ಕಪ್ಪಗೆ ಮಂದವಾಗುವವರೆಗೆ ಕಾಯಿಸುವುದು ಇದರ ವಿಧಾನ. ಪಾತ್ರೆಯಲ್ಲಿ ರಸ ಕುದಿಯುತ್ತ ಬಣ್ಣ ತಿರುಗುವ ದೃಶ್ಯವನ್ನು ಅವರು ಚಿತ್ರೀಕರಿಸಿದ್ದಾರೆ. ಸಾಮಾನ್ಯ ರೂಢಿಯಂತೆ ಬರೆದರೆ ಮೊದಲ ಸಾಲು ಹೀಗಿರುತ್ತದೆ: “ಎಲ್ಲರಿಗೂ ನಮಸ್ಕಾರ, ನಮ್ಮ ಸಂಸ್ಥೆಯ ಶೇ. 100 ಶುದ್ಧ ಉತ್ಪನ್ನಗಳಿಗೆ ಸ್ವಾಗತ.”

ಈ ಸಾಲಿನಲ್ಲಿ ಸರಕಿನ ಹೆಸರೇ ಇಲ್ಲ. ನಮಸ್ಕಾರವು ಅಂಗಡಿಯ ಬಾಗಿಲಲ್ಲಿ ಶೋಭಿಸುತ್ತದೆ; ಆದರೆ ಒಂದೇ ಸಾಲು ಕಾಣುವಲ್ಲಿ ಅದು ಅರ್ಧ ಜಾಗವನ್ನು ನುಂಗುತ್ತದೆ. ಸಂಸ್ಥೆಯ ಹೆಸರು ಮಾಲೀಕರಿಗೆ ಹೆಮ್ಮೆಯ ವಿಷಯವಾದರೂ ಅಪರಿಚಿತ ಗಿರಾಕಿಯು ಅದನ್ನು ಹುಡುಕಿಕೊಂಡು ಬಂದವನಲ್ಲ. ಅದು ಖಾತೆಯ ಹೆಸರಾಗಿ ಚಿತ್ರದ ಮೇಲೆಯೇ ಇರುವುದರಿಂದ ಮತ್ತೆ ಬರೆಯುವ ಅಗತ್ಯವೂ ಇಲ್ಲ. ಇನ್ನು “ಶೇ. 100” ಎಂಬ ಮಾತನ್ನು ಆಹಾರ ಪದಾರ್ಥಗಳ ಪ್ರಚಾರದಲ್ಲಿ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರಲ್ಲಿ ವ್ಯಾಪಾರಿಗಳಿಗೆ ತಿಳಿಸಿದೆ.

ಹುಡುಕುವವರು ಟೈಪ್ ಮಾಡುವ ಪದವೇ ಮೊದಲು ನಿರ್ಧಾರವಾಗಬೇಕಾದದ್ದು. ಅದನ್ನು ಆರಿಸಬೇಕಾದವರು ಗಿರಾಕಿಗಳೇ ಹೊರತು ಮಾಲೀಕರಲ್ಲ. ಕಳೆದ ಕೆಲವು ತಿಂಗಳ ವಾಟ್ಸ್ಯಾಪ್ ಬೇಡಿಕೆಗಳನ್ನು ತೆರೆದು, ಸರಕಿನ ಹೆಸರನ್ನು ಅವರು ಹೇಗೆ ಬರೆದಿದ್ದಾರೆಂದು ಎಣಿಸಿ ನೋಡಬೇಕು. ಬಳಿಕ ಯೂಟ್ಯೂಬಿನ ಹುಡುಕು ಪೆಟ್ಟಿಗೆಯಲ್ಲಿ ಮೊದಲ ನಾಲ್ಕೈದು ಅಕ್ಷರಗಳನ್ನು ಒತ್ತಿ, ಅದು ತಾನಾಗಿ ಸೂಚಿಸುವ ಪದಗಳನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಪಂದಿಕರಿ ಮಾಡಲು ಹೊರಟ ಕನ್ನಡಿಗನೂ ಇಂಗ್ಲಿಷ್ ಲಿಪಿಯಲ್ಲಿ Kachampuli ಎಂದು ಒತ್ತುತ್ತಾನೆಂದು ಕಂಡುಬಂದರೆ ಆ ಪದವನ್ನು ಅದೇ ಲಿಪಿಯಲ್ಲಿ, ಅದೇ ಕಾಗುಣಿತದಲ್ಲಿ ಇಡುವುದೇ ಸರಿ. ಉಳಿದ ವಾಕ್ಯವು ಕನ್ನಡದಲ್ಲಿಯೇ ಇರಲಿ. ಇದರಲ್ಲಿ ಭಾಷೆಗೆ ಅವಮಾನವೇನೂ ಇಲ್ಲ.

ಒಂದೇ ಪದ ಸಾಕೆ ಎಂಬ ಪ್ರಶ್ನೆ ಏಳುವುದು ಸಹಜ. ಕರಿಕೆಯಿಂದ ಗಡಿ ದಾಟಿದರೆ ಪಾಣತ್ತೂರು. ಅಲ್ಲಿಂದಾಚೆ ಕೇರಳದ ದೊಡ್ಡ ಮಾರುಕಟ್ಟೆ. ಅದೇ ಜಾತಿಯ ಹಣ್ಣಿನಿಂದ ಅವರು ಬಳಸುವುದು ಕುಡಂಪುಳಿ. ಆ ಪದವನ್ನೂ ಸೇರಿಸಿದರೆ ಎರಡು ಕಡೆಯ ಗಿರಾಕಿಗಳು ಸಿಗುವರೆಂದು ತೋರಬಹುದು. ಆದರೆ ಕುಡಂಪುಳಿ ಎಂದರೆ ಒಣಗಿಸಿದ ಸಿಪ್ಪೆ. ಕಾಚಂಪುಳಿ ಕಾಯಿಸಿದ ರಸ. ಮೀನಿನ ಸಾರಿಗಾಗಿ ಸಿಪ್ಪೆಯನ್ನು ಹುಡುಕಿ ಬಂದವನು ಸೀಸೆಯನ್ನು ಕಂಡೊಡನೆ ಮುಂದಕ್ಕೆ ತಳ್ಳುತ್ತಾನೆ. ಹೀಗೆ ತಳ್ಳುವವರು ಹೆಚ್ಚಾದಷ್ಟೂ ಆ ಚಿತ್ರವು ಬೇಡವಾದದ್ದೆಂದು ಯಂತ್ರವು ಲೆಕ್ಕ ಹಾಕುತ್ತದೆ. ನಿಜವಾದ ಗಿರಾಕಿಗೂ ಅದನ್ನು ತೋರಿಸುವುದು ಕಡಿಮೆಯಾಗುತ್ತದೆ. ಎರಡನೆಯ ಪದವು ಮೊದಲನೆಯದರ ಬೆಲೆಯನ್ನೂ ಕೆಡಿಸುವ ಬಗೆ ಇದು. ಕೇರಳದವರಿಗೂ ಮಾರಬೇಕೆಂದಿದ್ದರೆ ಅವರಿಗಾಗಿ ಬೇರೆಯೇ ಚಿತ್ರವನ್ನು ಮಾಡುವುದು ಲೇಸು.

ಪದವು ಸಿಕ್ಕ ಬಳಿಕ ಅದರ ಸುತ್ತ ಕೊಕ್ಕೆಯಂತಹ ಮಾತನ್ನು ಕಟ್ಟಬೇಕು. “ನಂಬಲಾಗದ ರಹಸ್ಯ”, “ಕೊನೆಯವರೆಗೂ ನೋಡಿ” ಎಂಬಂತಹ ಮಾತುಗಳು ಯಾವ ಸರಕಿಗಾದರೂ ಹೊಂದುತ್ತವೆ. ಅದಕ್ಕಾಗಿಯೇ ಯಾರನ್ನೂ ಹಿಡಿಯುವುದಿಲ್ಲ. ಗಿರಾಕಿಯ ಮನಸ್ಸಿನಲ್ಲಿ ಮೊದಲೇ ಇರುವ ಸಂಶಯವೇ ಗಟ್ಟಿಯಾದ ಕೊಕ್ಕೆ. ಸೀಸೆಯಲ್ಲಿ ಡಾಂಬರಿನಂತೆ ಕಪ್ಪಗಿರುವ ದ್ರವವನ್ನು ಮೊದಲ ಬಾರಿಗೆ ಕಂಡವನು ಅದಕ್ಕೆ ಬಣ್ಣ ಬೆರೆಸಿದ್ದಾರೆಯೇ ಎಂದು ಶಂಕಿಸುವುದು ಸಹಜ. ಆ ಶಂಕೆಯನ್ನೇ ಎದುರಿಸಿ ಹೀಗೆ ಬರೆಯಬಹುದು:

```
Kachampuli ಕಪ್ಪಾಗಿರುವುದು ಬಣ್ಣದಿಂದಲ್ಲ
```

ಇಲ್ಲಿ ಹುಡುಕುವ ಪದವು ಮೊದಲಿಗೇ ಬಂದಿದೆ. ಆದ್ದರಿಂದ ಸಾಲು ತುಂಡಾದರೂ ಅದು ಉಳಿಯುತ್ತದೆ. ಮಾತು ಪೂರ್ಣವಾಗಿದೆ, ಆದರೆ “ಹಾಗಾದರೆ ಯಾವುದರಿಂದ?” ಎಂಬ ಪ್ರಶ್ನೆಯನ್ನು ಉಳಿಸಿದೆ. ಉತ್ತರವು ಕುದಿಯುವ ಪಾತ್ರೆಯ ಚಿತ್ರದಲ್ಲಿಯೇ ಇದೆ. ಸಾಲು ಎತ್ತಿದ ಪ್ರಶ್ನೆಗೆ ಚಿತ್ರವು ಉತ್ತರಿಸದಿದ್ದರೆ ಗಿರಾಕಿಗೆ ಮೋಸ ಹೋದ ಭಾವನೆ ಬರುತ್ತದೆ. ತಯಾರಿಕೆಯಲ್ಲಿ ನಿಜವಾಗಿಯೂ ಬಣ್ಣ ಬಳಸದವರು ಮಾತ್ರ ಈ ಸಾಲನ್ನು ಬರೆಯತಕ್ಕದ್ದು ಎಂದು ಬೇರೆ ಹೇಳಬೇಕಾಗಿಲ್ಲ. ಬೆಲೆ, ಸೀಸೆಯ ಅಳತೆ, ಕರಿಕೆಯ ವಿಳಾಸ, ಬೇಡಿಕೆ ಕಳುಹಿಸುವ ವಿಧಾನ ಇವೆಲ್ಲ ಎರಡನೆಯ ಸಾಲಿನಿಂದ ಮುಂದಕ್ಕೆ ಬರಲಿ.

ಕನ್ನಡದಲ್ಲಿ ಬರೆಯುವವರು ಉದ್ದದ ವಿಷಯದಲ್ಲಿ ಎಚ್ಚರ ವಹಿಸಬೇಕು. ಯಂತ್ರವು ಒತ್ತು, ಗುಣಿತ, ಸೊನ್ನೆಗಳನ್ನೆಲ್ಲ ಬೇರೆ ಬೇರೆಯಾಗಿ ಎಣಿಸುತ್ತದೆ. ಮೇಲಿನ ಸಾಲು ಕಣ್ಣಿಗೆ 21 ಅಕ್ಷರ; ಯಂತ್ರದ ಲೆಕ್ಕದಲ್ಲಿ ನಡುವಿನ ತೆರಪುಗಳೂ ಸೇರಿ 36. ಅಲ್ಲದೆ ಕನ್ನಡದ ಅಕ್ಷರಗಳು ಇಂಗ್ಲಿಷಿನವುಗಳಿಗಿಂತ ಅಗಲವಾಗಿರುವುದರಿಂದ ಪರದೆಯ ಮೇಲೆ ಸಾಲು ಬೇಗನೆ ತುಂಬುತ್ತದೆ. ಎಲ್ಲಿ ತುಂಡಾಗುವುದೆಂಬುದು ಫೋನಿನ ಅಗಲವನ್ನೂ ಅಕ್ಷರದ ಗಾತ್ರವನ್ನೂ ಅವಲಂಬಿಸಿದೆ. ಪ್ರಕಟಿಸಿದ ಕೂಡಲೇ ಮನೆಯಲ್ಲಿರುವ ಅತಿ ಚಿಕ್ಕ ಫೋನಿನಲ್ಲಿ ತೆರೆದು ನೋಡುವುದು ಉತ್ತಮ. ಸಾಲು ತುಂಡಾಗಿದ್ದರೆ ತಿದ್ದಬಹುದು. ಎರಡೂ ಕಡೆ ತಿದ್ದುಪಡಿಗೆ ಅವಕಾಶವಿದೆ.

ಮೊದಲ ಸಾಲಿಗೆ ಅದರದೇ ಮಿತಿಯೂ ಇದೆ. ಓಡುವ ಬೆರಳನ್ನು ನಿಲ್ಲಿಸುವುದು ಚಿತ್ರದ ಮೊದಲ ಕ್ಷಣಗಳೇ. ಕೆಟ್ಟ ಚಿತ್ರವನ್ನು ಒಳ್ಳೆಯ ಸಾಲು ಉಳಿಸಲಾರದು. ಹುಡುಕಾಟದ ಲಾಭವೂ ನಿಧಾನವಾಗಿ ಬರುತ್ತದೆ. ಅದನ್ನು ತಿಳಿಯಲು ಯೂಟ್ಯೂಬ್ ಸ್ಟುಡಿಯೋದ ಅಂಕಿಅಂಶಗಳಲ್ಲಿ ಜನರು ಯಾವ ಪದವನ್ನು ಹುಡುಕಿ ಬಂದರೆಂಬ ಪಟ್ಟಿಯನ್ನು ನೋಡಬೇಕು. ಆರಿಸಿದ ಪದವು ಕೆಲವು ವಾರಗಳ ಬಳಿಕವೂ ಅದರಲ್ಲಿ ಕಾಣದಿದ್ದರೆ ಪದ ಅಥವಾ ಕಾಗುಣಿತ ತಪ್ಪಿರಬಹುದು. ನೋಡಿದವರು ಸಾವಿರಾರಿದ್ದೂ ಬೆಲೆ ಕೇಳಿದವರು ಇಲ್ಲವೆಂದರೆ ಕೊಕ್ಕೆಯು ಬೇಡದ ಮೀನನ್ನು ಹಿಡಿದಿದೆ ಎಂದರ್ಥ.

ಹಣ್ಣಿನ ಕಾಲ ವರ್ಷಕ್ಕೊಮ್ಮೆ ಬರುತ್ತದೆ. ಸೀಸೆಗಳು ವರ್ಷವಿಡೀ ಮಾರಾಟವಾಗಬೇಕು. ಕುದಿಯುವ ಪಾತ್ರೆಯ ಆ ಒಂದು ಚಿತ್ರವನ್ನು ಮುಂದಿನ ಮಳೆಗಾಲದವರೆಗೆ ಗಿರಾಕಿಗಳು ಹುಡುಕಿ ತೆಗೆಯಬೇಕಾದರೆ, ಅವರು ಕರೆಯುವ ಹೆಸರಿನಿಂದಲೇ ಮೊದಲ ಸಾಲು ಆರಂಭವಾಗಬೇಕು.