ತೊಂಬತ್ತೈದು ಪರ್ಸೆಂಟ್ ಅಂತೀರಿ, ಹುಳ ಎಷ್ಟು ಹಿಡೀತು ಹೇಳಿ

ಈ ಮುಂಗಾರಿನಲ್ಲಿ ನಮ್ಮ ನಾಲ್ಕೂ ತಾಲ್ಲೂಕಿನ ರೈತರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಚಿತ್ರ ಸುತ್ತುತ್ತಿದೆ. ಚನ್ನಗಿರಿಯಲ್ಲಿ ನೋಡಿದ್ದೇ ಹೊನ್ನಾಳಿಯಲ್ಲಿ, ಅಲ್ಲಿಂದ ನ್ಯಾಮತಿ, ಜಗಳೂರು. ಮೆಕ್ಕೆಜೋಳದ ಸುಳಿಯ ಫೋಟೊ ತೆಗೆದರೆ ಸೈನಿಕ ಹುಳು ಇದೆಯೋ ಇಲ್ಲವೋ ಹೇಳುವ ಮೊಬೈಲ್ ಆ್ಯಪ್ ಒಂದರ ಜಾಹೀರಾತು ಅದು. ನೀಲಿ ಬಣ್ಣದ ನಾಲ್ಕು ಚೌಕ, ಒಳಗೆ ನಾಲ್ಕು ಅಂಕಿ, ಕೆಳಗೆ ದಪ್ಪ ಅಕ್ಷರದಲ್ಲಿ 95 ಪರ್ಸೆಂಟ್. ಸೀಜನ್ನಿಗೆ ಇಷ್ಟು ದುಡ್ಡು ಕಟ್ಟಿ ಅಂತ ಅದರ ಹಿಂದೆಯೇ ಒಂದು ನಂಬರು.

ಕಂಪನಿಯ ಹೆಸರು ನಾವು ಬರೆಯುವುದಿಲ್ಲ. ಇಂಥ ಕಂಪನಿ ಇದೊಂದೇ ಅಲ್ಲ. ನಮ್ಮ ಜಗಳ ಆ ಚಿತ್ರದ ಜೊತೆ, ಅದನ್ನು ಓದದೆ ಮುಂದಕ್ಕೆ ತಳ್ಳಿದವರ ಜೊತೆ. ಅದರಲ್ಲಿ ನಮ್ಮಂಥ ಪತ್ರಿಕೋದ್ಯಮ ಓದಿದವರೂ ಇದ್ದಾರೆ.

ಆ ನೀಲಿ ಚೌಕದ ಹೆಸರು ಕನ್ಫ್ಯೂಷನ್ ಮ್ಯಾಟ್ರಿಕ್ಸ್. ಹೆಸರು ಕೇಳಿ ಹೆದರಬೇಡಿ, ಅದರಲ್ಲಿರುವುದು ಎಣಿಕೆ ಮಾತ್ರ. ಆ್ಯಪ್ ಎಲ್ಲಿ ಸರಿ ಹೇಳಿತು, ಎಲ್ಲಿ ಯಾವುದನ್ನು ಯಾವುದೆಂದು ತಪ್ಪು ತಿಳಿಯಿತು ಎಂಬ ಲೆಕ್ಕದ ಪಟ್ಟಿ. ಕಂಪನಿಯ ಅಂಕಿಗಳನ್ನು ಇಲ್ಲಿ ಹಾಕುವುದಿಲ್ಲ. ಅದೇ ಆಕಾರದ ಪಟ್ಟಿಯೊಂದನ್ನು ನಾವೇ ಮಾಡಿಟ್ಟಿದ್ದೇವೆ. ಲೆಕ್ಕ ಸುಲಭವಾಗಲಿ ಅಂತ 1000 ಫೋಟೊ ತೆಗೆದುಕೊಂಡಿದ್ದೇವೆ. ಅದರಲ್ಲಿ 60 ಗಿಡಕ್ಕೆ ನಿಜವಾಗಿ ಹುಳ ಬಿದ್ದಿದೆ, 940 ಗಿಡ ಚೆನ್ನಾಗಿವೆ.

```
                 Predicted label
                 healthy   pest
True   healthy     924      16
label  pest         36      24
```

ಅಡ್ಡ ಸಾಲು ಎಂದರೆ ಹೊಲದಲ್ಲಿ ನಿಜವಾಗಿ ಏನಿತ್ತು ಎಂಬುದು. ಉದ್ದ ಸಾಲು ಎಂದರೆ ಆ್ಯಪ್ ಏನು ಹೇಳಿತು ಎಂಬುದು. ಕೆಳಗಿನ ಅಡ್ಡ ಸಾಲು ನೋಡಿ: ಹುಳ ಬಿದ್ದ 60 ಗಿಡದಲ್ಲಿ 24ನ್ನು ಆ್ಯಪ್ ಹಿಡಿಯಿತು, 36ನ್ನು ಚೆನ್ನಾಗಿವೆ ಎಂದು ಬಿಟ್ಟಿತು. ಮೇಲಿನ ಸಾಲಿನಲ್ಲಿ 16 ಒಳ್ಳೆಯ ಗಿಡಕ್ಕೆ ಸುಮ್ಮನೆ ಹುಳ ಇದೆ ಅಂದಿತು.

95 ಪರ್ಸೆಂಟ್ ಎಲ್ಲಿಂದ ಬಂತು? ಸರಿ ಹೇಳಿದ್ದು 924 ಮತ್ತು 24, ಒಟ್ಟು 948. ಸಾವಿರಕ್ಕೆ 948 ಅಂದರೆ 94.8. ಅದನ್ನೇ ದುಂಡು ಮಾಡಿ 95. ಇದಕ್ಕೆ ಅಕ್ಯುರಸಿ ಎನ್ನುತ್ತಾರೆ. ಲೆಕ್ಕ ಸುಳ್ಳಲ್ಲ. ಆದರೆ ಹೊಲದ ಬದುವಿನ ಮೇಲೆ ಒಂದು ಕಲ್ಲು ಇಟ್ಟು, ಅದರ ಮೇಲೆ 'ಎಲ್ಲಾ ಗಿಡ ಚೆನ್ನಾಗಿವೆ' ಅಂತ ಬರೆದಿಟ್ಟರೆ ಆ ಕಲ್ಲಿನ ಅಕ್ಯುರಸಿ 94. ದುಡ್ಡು ಕಟ್ಟಿಸಿಕೊಳ್ಳುವ ಆ್ಯಪ್ ಕಲ್ಲಿಗಿಂತ ಒಂದು ಪರ್ಸೆಂಟ್ ಕೂಡ ಮುಂದಿಲ್ಲ.

ನ್ಯಾಮತಿ ಕಡೆಯ ಒಬ್ಬ ಹಿರಿಯರಿಗೆ ಈ ಚಿತ್ರ ತೋರಿಸಿದಾಗ ಅವರು ಕೇಳಿದ್ದು ಇಷ್ಟೇ: "ಅದೆಲ್ಲ ಇರ್ಲಪ್ಪಾ, ನನ್ನ ಹೊಲ್ದಾಗೆ ಹುಳ ಬಿದ್ರೆ ಅದು ಹೇಳ್ತದೋ ಇಲ್ವೋ? ಹೇಳಿದ್ರೆ ಅದನ್ನ ನಂಬ್ಬೋದೋ ಇಲ್ವೋ?" ಎರಡು ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ರಿಕಾಲ್, ಎರಡನೆಯದಕ್ಕೆ ಪ್ರಿಸಿಷನ್. ಅವರಿಗೆ ಆ ಹೆಸರು ಗೊತ್ತಿರಲಿಲ್ಲ ಅಷ್ಟೆ.

ಬಿದ್ದ ಹುಳದಲ್ಲಿ ಹಿಡಿದದ್ದೆಷ್ಟು: 60ಕ್ಕೆ 24, ಅಂದರೆ ರಿಕಾಲ್ 40 ಪರ್ಸೆಂಟ್. ಹುಳ ಇದೆ ಎಂದು ಕೂಗಿದ್ದರಲ್ಲಿ ನಿಜ ಎಷ್ಟು: ಆ್ಯಪ್ ಒಟ್ಟು 24 ಮತ್ತು 16, ಅಂದರೆ 40 ಸಲ ಕೂಗಿತು, ಅದರಲ್ಲಿ 24 ನಿಜ. ಪ್ರಿಸಿಷನ್ 60 ಪರ್ಸೆಂಟ್. ಇವೆರಡನ್ನೂ ಸೇರಿಸಿ ಒಂದೇ ಅಂಕಿ ಮಾಡುವುದಕ್ಕೆ ಎಫ್-1 ಎನ್ನುತ್ತಾರೆ.

```
P  = TP / (TP + FP)          = 24 / 40  = 0.60
R  = TP / (TP + FN)          = 24 / 60  = 0.40
F1 = 2*TP / (2*TP + FP + FN) = 48 / 100 = 0.48
```

TP ಎಂದರೆ ಹಿಡಿದ ಹುಳ, FP ಎಂದರೆ ಸುಳ್ಳು ಕೂಗು, FN ಎಂದರೆ ತಪ್ಪಿಸಿಕೊಂಡ ಹುಳ. ಎಫ್-1 ಸಾಮಾನ್ಯ ಸರಾಸರಿಯಲ್ಲ. 60 ಮತ್ತು 40ರ ಸರಾಸರಿ 50 ಬರುತ್ತಿತ್ತು, ಇಲ್ಲಿ 48 ಬಂದಿದೆ. ಎರಡರಲ್ಲಿ ಯಾವುದು ಕಡಿಮೆಯೋ ಅದರ ಕಡೆಗೆ ಇದು ಜಗ್ಗುತ್ತದೆ. ಒಂದು 100, ಇನ್ನೊಂದು 2 ಇದ್ದರೆ ಸರಾಸರಿ 51 ಅಂತ ಬೀಗಬಹುದು, ಎಫ್-1 ಮಾತ್ರ 4ರ ಹತ್ತಿರ ನಿಲ್ಲುತ್ತದೆ. ಇನ್ನೊಂದು ಗಮನಿಸಿ: ಈ ಮೂರು ಸೂತ್ರದಲ್ಲಿ ಎಲ್ಲಿಯೂ 924 ಇಲ್ಲ. ಚೆನ್ನಾಗಿರುವ ಗಿಡವನ್ನು ಚೆನ್ನಾಗಿದೆ ಎಂದು ಹೇಳಿ ಅಂಕ ಗಿಟ್ಟಿಸುವ ದಾರಿ ಇಲ್ಲಿ ಬಂದ್.

ಇಷ್ಟು ಹೇಳಿದ ಮೇಲೆ ಏಜೆಂಟರು ಸುಮ್ಮನಾಗುತ್ತಾರೆ ಅಂದುಕೊಂಡಿದ್ದೆವು. ಅವರ ಕಡೆಯಿಂದ ಎರಡನೇ ಚಿತ್ರ ಬಂತು: 'ಎಫ್-1 ಕೂಡ 94 ಇದೆ ನೋಡಿ.' ಇದು ಹೇಗೆ ಆಗುತ್ತದೆ ಅಂತ ನಮ್ಮ ಪಟ್ಟಿಯಲ್ಲೇ ತೋರಿಸುತ್ತೇವೆ. ಹುಳ ಹುಡುಕುವುದನ್ನು ಬಿಟ್ಟು ಒಳ್ಳೆಯ ಗಿಡ ಹುಡುಕುವುದನ್ನೇ ಕೆಲಸ ಅಂದುಕೊಳ್ಳಿ. ಆಗ ಸರಿ ಹಿಡಿದದ್ದು 924, ಸುಳ್ಳು ಕೂಗು 36, ತಪ್ಪಿಸಿಕೊಂಡದ್ದು 16. ಲೆಕ್ಕ ಹಾಕಿದರೆ ಎಫ್-1 ಸುಮಾರು 97. ಈ 97ನ್ನು 940 ಗಿಡದ ತೂಕದಲ್ಲಿ, ಹುಳದ 48ನ್ನು ಬರೀ 60 ಗಿಡದ ತೂಕದಲ್ಲಿ ಕೂಡಿಸಿದರೆ 94 ಬರುತ್ತದೆ. ಸ್ಕ್ರೀನಿನ ಮೂಲೆಯಲ್ಲಿ ಸಣ್ಣಗೆ `weighted avg` ಅಂತ ಇರುತ್ತದೆ. ಅದೇ ಇದು. ಸುಳ್ಳು ಅಂಕಿ ಒಂದೂ ಇಲ್ಲ, ಆದರೂ ಹುಳದ ಮಾತು ಮಾಯ. ಹಾಗಾಗಿ ಯಾರಾದರೂ ಎಫ್-1 ಅಂದರೆ ತಕ್ಷಣ ಕೇಳಿ: ಯಾವುದರ ಎಫ್-1? `pest` ಎಂದು ಬರೆದ ಸಾಲಿನ ಎಫ್-1 ಎಷ್ಟು?

ಸ್ಕ್ರೀನ್‌ಶಾಟ್ ಓದುವಾಗ ನಾವೇ ಮುಗ್ಗರಿಸಿದ ಒಂದು ಜಾಗ ಹೇಳಿಬಿಡುತ್ತೇವೆ. ಮೊದಲು ನಮಗೆ ಸಿಕ್ಕ ಚಿತ್ರದ ಅಂಚು ಕತ್ತರಿಸಿತ್ತು, `True label`, `Predicted label` ಎಂಬ ಬರಹ ಕಾಣುತ್ತಿರಲಿಲ್ಲ. ನಾವು ಅಡ್ಡವನ್ನು ಉದ್ದ ಅಂದುಕೊಂಡು ಲೆಕ್ಕ ಹಾಕಿದೆವು. ಹಾಗೆ ಮಾಡಿದರೆ ರಿಕಾಲ್ ಇದ್ದಲ್ಲಿ ಪ್ರಿಸಿಷನ್, ಪ್ರಿಸಿಷನ್ ಇದ್ದಲ್ಲಿ ರಿಕಾಲ್ ಬಂದು ಕೂರುತ್ತದೆ. ಎಫ್-1 ಮಾತ್ರ ಅದೇ 48, ಹಾಗಾಗಿ ಅದನ್ನು ನೋಡಿ ತಪ್ಪು ಗೊತ್ತಾಗುವುದೇ ಇಲ್ಲ. ಗೊತ್ತಾಗುವ ದಾರಿ ಒಂದೇ: ಹುಳ ಬಿದ್ದ ಗಿಡದ ಫೋಟೊ ಒಟ್ಟು ಎಷ್ಟು ಎಂದು ಕೇಳಿ. 60 ಅಂದರೆ, 36 ಮತ್ತು 24 ಇರುವ ಸಾಲೇ ನಿಜದ ಸಾಲು. 40 ಅಂದರೆ 16 ಮತ್ತು 24 ಇರುವುದು. ವಾಟ್ಸ್ಆ್ಯಪ್‌ನಲ್ಲಿ ಮಸುಕಾಗಿ 3 ಹೋಗಿ 8 ಆಗಿದ್ದರೂ ಇದೇ ಕೂಡುವ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಬಣ್ಣ ನೋಡಿ ಮಾತ್ರ ಮೋಸ ಹೋಗಬೇಡಿ. ಅಂಕಿ ದೊಡ್ಡದಾದಷ್ಟೂ ನೀಲಿ ಗಾಢ, ಅಷ್ಟೆ. 924 ಕಪ್ಪಗೆ ಹೊಳೆಯುತ್ತದೆ, 36 ತಪ್ಪು ಪಕ್ಕದಲ್ಲಿ ಬೆಳ್ಳಗೆ ಅಡಗಿರುತ್ತದೆ.

ಚೌಕದಲ್ಲಿ ಗಿಡದ ಎಣಿಕೆ ಬದಲು 0.98, 0.02, 0.60, 0.40 ಎಂಬಂಥ ಪಾಯಿಂಟು ಅಂಕಿ ಇದ್ದರೆ ಇನ್ನೂ ಕಷ್ಟ. ಪ್ರತಿ ಅಡ್ಡ ಸಾಲೂ ಕೂಡಿಸಿದರೆ 1 ಬರುವ ಇಂಥ ಪಟ್ಟಿಯಿಂದ ರಿಕಾಲ್ ಸಿಗುತ್ತದೆ, ಪ್ರಿಸಿಷನ್ ಸಿಗುವುದಿಲ್ಲ. ಎಷ್ಟು ಗಿಡ ಎಂದು ಗೊತ್ತಿಲ್ಲದೆ ಸುಳ್ಳು ಕೂಗು ಎಣಿಸುವುದು ಹೇಗೆ?

ಈಗ ನಮ್ಮ ಅಸಲಿ ತಕರಾರು. ಈ ಹುಳ ಭಾರತದಲ್ಲಿ ಮೊದಲು ದಾಖಲಾದದ್ದು 2018ರ ಮೇ ತಿಂಗಳಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಹೊನ್ನಾಳಿ, ನ್ಯಾಮತಿಯವರಿಗೆ ಅದು ದೂರದ ಸುದ್ದಿ ಆಗಿರಲಿಲ್ಲ. ಮರಿ ಹುಳ ಎಲೆಯ ಹಸಿರು ಕೆರೆದು ಕಾಗದದಂಥ ಬಿಳಿ ಮಚ್ಚೆ ಮಾಡುವಾಗಲೇ ಹಿಡಿದರೆ ಔಷಧಿ ಕೆಲಸ ಮಾಡುತ್ತದೆ. ದೊಡ್ಡದಾಗಿ ಸುಳಿಯೊಳಗೆ ಇಳಿದು, ಮೇಲೆ ಹಿಕ್ಕೆ ಮುಚ್ಚಿಕೊಂಡು ಕೂತ ಮೇಲೆ ಹೊಡೆದ ಔಷಧಿ ಅದಕ್ಕೆ ತಾಗುವುದೇ ಕಷ್ಟ. ಸುಳ್ಳು ಕೂಗಿಗೆ ಒಂದು ಟ್ಯಾಂಕ್ ಔಷಧಿ, ಒಂದು ದಿನದ ಕೂಲಿ ಹೋದೀತು. ನಂಬದಿದ್ದರೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿ ನೋಡಿದರೆ ಅದೂ ಉಳಿದೀತು. ತಪ್ಪಿಸಿಕೊಂಡ ಹುಳಕ್ಕೆ ಬೆಳೆಯೇ ಹೋಗುತ್ತದೆ. ಎಫ್-1 ಎರಡನ್ನೂ ಒಂದೇ ತಕ್ಕಡಿಯಲ್ಲಿ ಸಮ ತೂಗುತ್ತದೆ. ನಮಗೆ ಎರಡೂ ಸಮ ಅಲ್ಲ. ಹಾಗಾಗಿ ಈ ಕೆಲಸಕ್ಕೆ ನಾವು ಮೊದಲು ಕೇಳುವುದು ರಿಕಾಲ್. ಎಲ್ಲಾ ಗಿಡಕ್ಕೂ ಹುಳ ಅಂತ ಕೂಗಿ ರಿಕಾಲ್ 100 ಮಾಡುವ ಕಳ್ಳರೂ ಇರುತ್ತಾರೆ, ಅವರನ್ನು ಹಿಡಿಯಲು ಪ್ರಿಸಿಷನ್ ಪಕ್ಕದಲ್ಲೇ ಬೇಕು.

ಇನ್ನೊಂದು, ಜಗಳೂರಿನವರ ಪರವಾಗಿ. ಭದ್ರಾ ನೀರು ಕಾಣುವ ಚನ್ನಗಿರಿ, ಹೊನ್ನಾಳಿಯ ಹೊಲದ ಮೆಕ್ಕೆಜೋಳವೂ ಮಳೆ ನಂಬಿ ಬಿತ್ತಿದ ಜಗಳೂರಿನ ಮೆಕ್ಕೆಜೋಳವೂ ಫೋಟೊದಲ್ಲಿ ಒಂದೇ ಥರ ಕಾಣುವುದಿಲ್ಲ. ನೀರಿಲ್ಲದೆ ಎಲೆ ಸುರುಳಿ ಸುತ್ತಿದಾಗ ಆ ಬಿಳಿ ಮಚ್ಚೆ ಮಡಿಕೆಯೊಳಗೆ ಹೋಗಿರುತ್ತದೆ. ನಮ್ಮ ಪಟ್ಟಿಯ 60 ಗಿಡದಲ್ಲಿ 40 ಉಳಿದ ಮೂರು ತಾಲ್ಲೂಕಿನವು, 20 ಜಗಳೂರಿನವು ಅಂದುಕೊಳ್ಳಿ. ಮೊದಲಿನ 40ರಲ್ಲಿ 22, ಜಗಳೂರಿನ 20ರಲ್ಲಿ 2 ಹಿಡಿದರೂ ಒಟ್ಟು ಅದೇ 24. ಅಲ್ಲಿ ರಿಕಾಲ್ 55, ಇಲ್ಲಿ 10. ಒಂದೇ ಚೌಕದ ಚಿತ್ರದಲ್ಲಿ ಇದು ಯಾವತ್ತೂ ಕಾಣುವುದಿಲ್ಲ, ಆದರೆ ಫೀಸು ಎರಡೂ ಕಡೆ ಒಂದೇ.

ಕಂಪನಿಯ ನಂಬರಿಗೆ ನಾವು ನಾಲ್ಕು ಸಾಲು ಕಳಿಸಿದ್ದೇವೆ. ಅಂಚು ಕತ್ತರಿಸದ ಪೂರ್ತಿ ಚಿತ್ರ ಕೊಡಿ. ಪಾಯಿಂಟು ಬೇಡ, ಗಿಡದ ಎಣಿಕೆ ಕೊಡಿ. ಹುಳದ ಸಾಲಿನ ರಿಕಾಲ್, ಪ್ರಿಸಿಷನ್ ಬೇರೆ ಬೇರೆ ಬರೆಯಿರಿ. ನಾಲ್ಕು ತಾಲ್ಲೂಕಿಗೆ ನಾಲ್ಕು ಪಟ್ಟಿ ಮಾಡಿ. ಎರಡು ನೀಲಿ ಗೆರೆ ಬಿದ್ದಿವೆ, ಅಂದರೆ ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಆ ಪಟ್ಟಿಯನ್ನು ಹಾಗೆಯೇ ಇಲ್ಲಿ ಹಾಕುತ್ತೇವೆ. ಲೆಕ್ಕ ನೀವೇ ಹಾಕಿ, ನಮ್ಮದು ತಪ್ಪಿದ್ದರೆ ಹೇಳಿ.